ಮೊದಲು ಊರಿದ ಕಾಲು ಯಾವುದು?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಶಾಲೆಗಳಲ್ಲಿ ಹೆಣ್ಣುಮಕ್ಕಳ ಆಟ ಅಂದರೆ ತ್ರೋಬಾಲ್, ಕೊಕ್ಕೊ, ಕಾಂಕ್ರೀಟ್ ಹಾಸಿದ ಅಂಕಣವಿದ್ದರೆ ಬಾಸ್ಕೆಟ್‌ಬಾಲ್. ನೆಟ್‌ಬಾಲ್ ಸೇರುವ ಹುಡುಗಿಯರು ಬಹುತೇಕ ಈ ಆಟಗಳಲ್ಲೇ ಪಳಗಿ ಬಂದವರು. ತ್ರೋಬಾಲ್ ಆಡಿದವಳಿಗೆ ಚೆಂಡು ಹಿಡಿದ ಮೂರು ಸೆಕೆಂಡಿನೊಳಗೆ ಎಸೆಯುವುದು ಕೈಗೆ ಹತ್ತಿರುತ್ತದೆ, ಆದರೆ ಓಡುತ್ತಾ ಹಿಡಿಯುವುದು ಹೊಸದು. ಬಾಸ್ಕೆಟ್‌ಬಾಲ್ ಆಡಿದವಳಿಗೆ ಓಟ, ಜಿಗಿತ, ಹಿಡಿತ ಎಲ್ಲವೂ ಬರುತ್ತದೆ. ಹಾಗಿದ್ದೂ ಮೊದಲ ವಾರ ಹೆಚ್ಚು ಸೀಟಿ ಊದಿಸಿಕೊಳ್ಳುವವಳು ಈ ಎರಡನೆಯವಳೇ. ಚೆಂಡು ಚೆನ್ನಾಗಿಯೇ ಹಿಡಿದಿರುತ್ತಾಳೆ, ಎದುರಾಳಿಗೆ ತಾಗಿರುವುದಿಲ್ಲ, ಗೆರೆ ದಾಟಿರುವುದಿಲ್ಲ. ಅಂಪೈರ್ ಎರಡೂ ಕೈಗಳನ್ನು ಒಂದಾದ ಮೇಲೊಂದರಂತೆ ಮೇಲೆ ಕೆಳಗೆ ಆಡಿಸಿ ಚೆಂಡನ್ನು ಎದುರು ತಂಡಕ್ಕೆ ಕೊಡುತ್ತಾರೆ. 'ಏನ್ ಮಿಸ್, ಎರಡೇ ಹೆಜ್ಜೆ ಅಲ್ವಾ ಇಟ್ಟಿದ್ದು?' ಎಂದು ಹುಡುಗಿ ಪಿ.ಟಿ. ಮಿಸ್ ಕಡೆ ತಿರುಗುತ್ತಾಳೆ.

ಅವಳ ಲೆಕ್ಕ ಬಾಸ್ಕೆಟ್‌ಬಾಲ್‌ನ ಲೆಕ್ಕ. ಓಡುತ್ತಾ ಚೆಂಡು ಹಿಡಿದಾಗ ಎಡಗಾಲು ನೆಲದ ಮೇಲಿದ್ದರೆ ಈಗಿನ ಬಾಸ್ಕೆಟ್‌ಬಾಲ್ ನಿಯಮ ಅದನ್ನು ಎಣಿಸುವುದಿಲ್ಲ. ಅದಾದ ಮೇಲೆ ಬಲ, ಮತ್ತೆ ಎಡ, ಹೀಗೆ ಎರಡು ಹೆಜ್ಜೆ ಸಲೀಸಾಗಿ ಇಟ್ಟು ಚೆಂಡನ್ನು ಬುಟ್ಟಿಗೆ ಹಾಕಬಹುದು. ನೆಟ್‌ಬಾಲ್‌ನಲ್ಲಿ ಎಣಿಕೆ ಆ ಎಡಗಾಲಿನಿಂದಲೇ ಶುರು. ಚೆಂಡು ಕೈಗೆ ಬಂದ ಗಳಿಗೆಯಲ್ಲಿ ನೆಲದ ಮೇಲಿದ್ದ ಕಾಲು, ಗಾಳಿಯಲ್ಲಿ ಹಿಡಿದಿದ್ದರೆ ಆಮೇಲೆ ಮೊದಲು ನೆಲ ತಾಗಿದ ಕಾಲು, ಅದೇ ಲ್ಯಾಂಡಿಂಗ್ ಫೂಟ್. ಊರಿದ ಕಾಲು ಎನ್ನೋಣ. ಅದನ್ನು ಎತ್ತಬಹುದು. ಎತ್ತಿದ ಮೇಲೆ ಚೆಂಡು ಕೈಬಿಡುವ ತನಕ ಮತ್ತೆ ನೆಲಕ್ಕೆ ಇಡುವಂತಿಲ್ಲ. ನಮ್ಮ ಹುಡುಗಿ ಎಡ ಊರಿದಳು, ಬಲ ಇಟ್ಟಳು, ಎಡ ಎತ್ತಿದಳು. ಇಲ್ಲಿಯವರೆಗೆ ತಪ್ಪಿಲ್ಲ. ಎಡ ಮತ್ತೆ ನೆಲ ಮುಟ್ಟಿದಾಗ ಚೆಂಡು ಇನ್ನೂ ಕೈಯಲ್ಲೇ ಇತ್ತು. ಸೀಟಿ ಬಿದ್ದದ್ದು ಅಲ್ಲಿಗೆ.

ನೆಟ್‌ಬಾಲ್‌ನಲ್ಲಿ ಚೆಂಡು ಬಡಿಯುತ್ತಾ ಓಡುವ ದಾರಿಯೂ ಇಲ್ಲ. ಹಿಡಿತ ಸಿಗದಿದ್ದಾಗ ಒಮ್ಮೆ ತಟ್ಟಿಯೋ ನೆಲಕ್ಕೆ ಪುಟಿಸಿಯೋ ಹತೋಟಿಗೆ ತಂದುಕೊಳ್ಳಬಹುದು, ಅಷ್ಟೇ. ಹಾಗಾಗಿ ಚೆಂಡು ಕೈಯಲ್ಲಿರುವವಳಿಗೆ ಉಳಿಯುವ ಸ್ವಾತಂತ್ರ್ಯವೆಲ್ಲ ಇನ್ನೊಂದು ಕಾಲಿನದು. ಊರಿದ ಕಾಲು ನೆಲದಲ್ಲೇ ಇರುವಷ್ಟು ಹೊತ್ತು ಇನ್ನೊಂದು ಕಾಲನ್ನು ಯಾವ ದಿಕ್ಕಿಗಾದರೂ ಎಷ್ಟು ಸಲವಾದರೂ ಇಡಬಹುದು. ಊರಿದ ಕಾಲಿನ ಮುಂಗಾಲ ಮೇಲೆ ಗಿರ್ರನೆ ತಿರುಗಿ ಬೆನ್ನ ಹಿಂದಿದ್ದ ಗೋಲನ್ನು ಎದುರಿಗೆ ತಂದುಕೊಳ್ಳಬಹುದು. ಕುಂಟುವಂತಿಲ್ಲ. ಊರಿದ ಕಾಲನ್ನು ನೆಲದ ಮೇಲೆ ಎಳೆಯುವಂತಿಲ್ಲ, ಜಾರಿಸುವಂತಿಲ್ಲ.

ಎರಡೂ ಕಾಲು ಒಟ್ಟಿಗೇ ನೆಲ ತಾಗಿದರೆ ಆಯ್ಕೆ ಅವಳದು. ಯಾವ ಕಾಲನ್ನು ಮೊದಲು ಎತ್ತಿ ಹೆಜ್ಜೆ ಇಡುತ್ತಾಳೋ ಅದು ಬಿಡುಗಾಲು, ನೆಲದಲ್ಲೇ ಉಳಿದದ್ದು ಊರಿದ ಕಾಲು. ಈ ಅನುಕೂಲಕ್ಕಾಗಿಯೇ ಒಳ್ಳೆಯ ಕೋಚುಗಳು ಎರಡೂ ಕಾಲಲ್ಲಿ ಇಳಿಯುವುದನ್ನು ಕಲಿಸುತ್ತಾರೆ. ತಲೆ ಎತ್ತಿ ನೋಡಿ ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಲು ಆ ಇಳಿತ ಅರೆ ಸೆಕೆಂಡು ಉಳಿಸಿಕೊಡುತ್ತದೆ. ಆದರೆ ಒಟ್ಟಿಗೆ ಇಳಿದಂತೆ ಕಾಣುವುದು ಬೇರೆ, ಒಟ್ಟಿಗೆ ಇಳಿಯುವುದು ಬೇರೆ. ಅಂಕಣದ ಪಕ್ಕ ನಿಂತವರಿಗೆ ಕಿವಿಯೂ ನೆರವಾಗುತ್ತದೆ. ಒಟ್ಟಿಗೆ ಇಳಿದರೆ ಒಂದೇ 'ಧಪ್'. ಒಂದರ ಹಿಂದೊಂದು ಇಳಿದರೆ 'ಟಪ್ ಟಪ್', ಮೊದಲ 'ಟಪ್' ಯಾವ ಕಾಲಿನದೋ ಅದರದೇ ಅಧಿಕಾರ. ಅಂಪೈರ್‌ಗಳು ಇಂಥ ಹೊತ್ತಿನಲ್ಲಿ ಚೆಂಡನ್ನು ಹಿಂಬಾಲಿಸುವುದಿಲ್ಲ. ಅದು ಕೈ ಸೇರುತ್ತದೆ ಎಂದು ಖಾತ್ರಿಯಾದ ಕೂಡಲೇ ಕಣ್ಣನ್ನು ಕಾಲಿಗೆ ಇಳಿಸುತ್ತಾರೆ. ಗ್ಯಾಲರಿಯಲ್ಲಿ ಕೂತ ನಾವು ಚೆಂಡನ್ನೇ ನೋಡುತ್ತಿರುತ್ತೇವೆ. ನಮಗೂ ಅವರಿಗೂ ಜಗಳ ಹತ್ತುವುದು ಇಲ್ಲಿಯೇ.

ನಮ್ಮ ಕಡೆಯ ಮೈದಾನಗಳಲ್ಲಿ ಇನ್ನೊಂದು ತೊಡಕೂ ಇದೆ. ಕೆಂಪು ಮಣ್ಣಿನ ಮೇಲೆ ಸಣ್ಣ ಜಲ್ಲಿಯ ಪದರ ಕೂತಿದ್ದರೆ ಓಡಿ ಬಂದು ಇಳಿದ ಕಾಲು ಗೇಣುದ್ದ ಜಾರಿಯೇ ನಿಲ್ಲುವುದು. ಬೇಕೆಂದು ಎಳೆದದ್ದೋ ನೆಲ ಕೈಕೊಟ್ಟದ್ದೋ ಎಂದು ನಿಯಮ ಕೇಳುವುದಿಲ್ಲ, ಜಾರಿದರೆ ಜಾರಿತು. ಅಂಥ ನೆಲದಲ್ಲಿ ಪಂದ್ಯ ನಡೆಸುವ ಮುನ್ನ ಜಲ್ಲಿ ಗುಡಿಸಿ, ಒಂದಿಷ್ಟು ನೀರು ಚಿಮುಕಿಸಿ, ನೆಲ ಹದವಾದ ಮೇಲೆ ಆಡಿಸುವುದು ಲೇಸು. ಕಾಂಕ್ರೀಟಿನಲ್ಲಿ ಜಾರುವ ಕಾಟ ಇಲ್ಲ, ಆದರೆ ಅಲ್ಲಿ ನಿಲುಗಡೆಯ ಪೆಟ್ಟೆಲ್ಲ ಮಂಡಿಗೆ ಬೀಳುತ್ತದೆ. ಪೂರ್ತಿ ವೇಗದಲ್ಲಿ ಬಂದು ಒಂದೇ ಕಾಲ ಮೇಲೆ ಗಕ್ಕನೆ ನಿಲ್ಲಬೇಕಾದ ಆಟವಿದು. ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುವುದು ನೆಟ್‌ಬಾಲ್ ಆಡುವವರಲ್ಲಿ ಎಷ್ಟು ಸಾಮಾನ್ಯವೆಂದರೆ, ಸರಿಯಾಗಿ ಇಳಿಯುವುದನ್ನು ಕಲಿಸಲೆಂದೇ ಆಸ್ಟ್ರೇಲಿಯಾದ ನೆಟ್‌ಬಾಲ್ ಸಂಸ್ಥೆ ಒಂದು ತರಬೇತಿ ಕ್ರಮವನ್ನು ರೂಪಿಸಿದೆ. ಮಂಡಿ ಮಡಚಿ, ಮಂಡಿಚಿಪ್ಪು ಕಾಲ್ಬೆರಳಿನ ನೇರಕ್ಕೆ ಇರುವಂತೆ, ಸೊಂಟ ತುಸು ಹಿಂದಕ್ಕೆ ಇಟ್ಟು ಇಳಿಯಬೇಕು. ಮಂಡಿ ಒಳಮುಖವಾಗಿ ಬಾಗಿತೆಂದರೆ ಅಪಾಯದ ಗುರುತು.

ಊರಿದ ಕಾಲಿನ ಕೆಲಸ ಹೆಜ್ಜೆಯ ತಪ್ಪು ಒಪ್ಪಿಗೇ ಮುಗಿದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ನೆಟ್‌ಬಾಲ್‌ನಲ್ಲಿ ಆ ಒಂದೇ ಗುರುತು ಇನ್ನೆರಡು ವ್ಯಾಜ್ಯಗಳನ್ನೂ ಇತ್ಯರ್ಥ ಮಾಡುತ್ತದೆ. ತಡೆಯುವವಳು ಎಷ್ಟು ಹತ್ತಿರ ನಿಲ್ಲಬಹುದು ಎನ್ನುವುದು ಒಂದು. ಚೆಂಡು ಅಂಕಣದ ಯಾವ ಭಾಗದಲ್ಲಿದೆ ಎನ್ನುವುದು ಇನ್ನೊಂದು.

ತಡೆಯುವವಳ ವಿಷಯ ಮೊದಲು. ಚೆಂಡು ಹಿಡಿದವಳ ಮುಂದೆ ಕೈ ಚಾಚಿ ನಿಲ್ಲಬೇಕಾದರೆ 0.9 ಮೀಟರ್, ಅಂದರೆ ಮೂರು ಅಡಿ ದೂರ ಇರಬೇಕು. ಈ ದೂರವನ್ನು ಅಳೆಯುವುದು ಮೈಯಿಂದ ಮೈಗಲ್ಲ, ಕೈಯಿಂದ ಕೈಗೂ ಅಲ್ಲ. ಚೆಂಡು ಹಿಡಿದವಳ ಊರಿದ ಕಾಲಿನಿಂದ ತಡೆಯುವವಳ ಹತ್ತಿರದ ಕಾಲಿಗೆ. ಊರಿದ ಕಾಲು ಎತ್ತಿದ್ದರೂ ಅದು ಎದ್ದ ಜಾಗದಿಂದಲೇ ಅಳತೆ. ಇದರಿಂದ ಒಂದು ಸೊಗಸಾದ ಆಟ ಹುಟ್ಟುತ್ತದೆ. ಗೋಲ್ ಶೂಟರ್ ಎಡಗಾಲು ಊರಿದ್ದಾಳೆ, ಗೋಲ್ ಕೀಪರ್ ಅಲ್ಲಿಂದ ಸರಿಯಾಗಿ ಮೂರು ಅಡಿ ಬಿಟ್ಟು ಕೈ ಎತ್ತಿ ಬಾಗಿದ್ದಾಳೆ. ಶೂಟರ್ ಬಲಗಾಲನ್ನು ಒಂದು ಹೆಜ್ಜೆ ಹಿಂದಕ್ಕಿಟ್ಟು ಮೈಭಾರವನ್ನು ಅತ್ತ ಸರಿಸಿ ಗುರಿಯಿಡುತ್ತಾಳೆ. ಅಳತೆಯ ಕಾಲು ಇದ್ದಲ್ಲೇ ಇದೆ, ಚೆಂಡು ಮಾತ್ರ ಕೀಪರ್ ಕೈಯಿಂದ ದೂರವಾಯಿತು. ಕೀಪರ್ ಹಿಂಬಾಲಿಸಿ ಬಂದಳೋ, ಅಬ್‌ಸ್ಟ್ರಕ್ಷನ್. ಶೂಟರ್ ಅದೇ ಬಲಗಾಲನ್ನು ಕೀಪರ್ ಕಡೆಗೇ ಇಟ್ಟರೆ? ಅಂತರ ಕುಗ್ಗಿದ್ದು ಶೂಟರ್‌ನಿಂದ, ಕೀಪರ್ ತಪ್ಪೇನೂ ಇಲ್ಲ. ಕಂಬಕ್ಕೆ ಒಂದು ಹೆಜ್ಜೆ ಹತ್ತಿರವಾಗುವ ಲಾಭ, ಕೀಪರ್ ಬೆರಳಿಗೆ ಚೆಂಡು ಸಿಗುವ ಅಪಾಯ, ಎರಡನ್ನೂ ತೂಗಿ ಶೂಟರ್ ಹೆಜ್ಜೆ ಹಾಕಬೇಕು.

ದಂಡದಲ್ಲೂ ವ್ಯತ್ಯಾಸವಿದೆ. ಹೆಜ್ಜೆ ತಪ್ಪಿದರೆ, ಹೊತ್ತು ಮೀರಿದರೆ, ಗೆರೆ ದಾಟಿದರೆ ಎದುರಾಳಿಗೆ ಫ್ರೀ ಪಾಸ್. ಅದರಿಂದ ನೇರ ಗೋಲು ಹೊಡೆಯುವಂತಿಲ್ಲ. ಅಡ್ಡಗಟ್ಟಿದರೆ ಅಥವಾ ಮೈ ತಾಗಿಸಿದರೆ ಪೆನಾಲ್ಟಿ. ತಪ್ಪಿತಸ್ಥೆ ಪಕ್ಕಕ್ಕೆ ಸರಿದು, ಚೆಂಡು ಕೈಬಿಡುವವರೆಗೆ ಆಟಕ್ಕೆ ಕೈ ಹಾಕದೆ ನಿಂತಿರಬೇಕು. ಗೋಲ್ ವೃತ್ತದೊಳಗಾದರೆ ಶೂಟರ್ ಅಲ್ಲಿಂದಲೇ ಗೋಲಿಗೂ ಹಾಕಬಹುದು.

ಇನ್ನು ಅಂಕಣ. 30.5 ಮೀಟರ್ ಉದ್ದ, 15.25 ಮೀಟರ್ ಅಗಲ. ಅಡಿಯಲ್ಲಿ ಹೇಳಿದರೆ 100ಕ್ಕೆ 50. ವಿಜಯನಗರದ ನಾಲ್ಕು ಥರ್ಟಿ ಫಾರ್ಟಿ ಸೈಟುಗಳನ್ನು ಒಟ್ಟುಗೂಡಿಸಿದರೂ ಇನ್ನೂರು ಚದರಡಿ ಕಮ್ಮಿ ಬೀಳುತ್ತದೆ. ಉದ್ದವನ್ನು ಅಡ್ಡಗೆರೆ ಎಳೆದು ಮೂರು ಸಮಭಾಗ ಮಾಡುತ್ತಾರೆ, ಒಂದೊಂದೂ ಸುಮಾರು 10.17 ಮೀಟರ್. ನಡುವಿನದು ಸೆಂಟರ್ ಥರ್ಡ್, ಆಚೀಚಿನವು ಗೋಲ್ ಥರ್ಡ್. ಎರಡೂ ತುದಿಯಲ್ಲಿ ಗೋಲ್ ಗೆರೆಯ ನಡುಬಿಂದುವಿನಿಂದ 4.9 ಮೀಟರ್ ತ್ರಿಜ್ಯದ ಅರ್ಧವೃತ್ತ, ಅದೇ ಗೋಲ್ ಸರ್ಕಲ್. ನಡುವಿನಲ್ಲಿ 0.9 ಮೀಟರ್ ವ್ಯಾಸದ ಪುಟ್ಟ ಸೆಂಟರ್ ಸರ್ಕಲ್.

ತಂಡಕ್ಕೆ ಏಳು ಮಂದಿ. ಎದೆಬೆನ್ನಿಗೆ ಕಟ್ಟಿದ ಬಿಬ್ ಮೇಲಿನ ಅಕ್ಷರವೇ ಅವರ ಪರವಾನಗಿ. ಜಿಎಸ್ ಬಿಬ್ ತೊಟ್ಟ ಗೋಲ್ ಶೂಟರ್ ತಾನು ಗೋಲು ಹಾಕುವ ಕಡೆಯ ಥರ್ಡ್ ಬಿಟ್ಟು ಹೊರಗೆ ಬರುವಂತಿಲ್ಲ. ಅದೇ ರೀತಿ ಜಿಕೆ ತೊಟ್ಟ ಗೋಲ್ ಕೀಪರ್ ತಾನು ಕಾಯುವ ಥರ್ಡ್‌ನಲ್ಲೇ ಇರಬೇಕು. ಗೋಲ್ ಅಟ್ಯಾಕ್‌ಗೆ ನಡುಭಾಗ ಮತ್ತು ದಾಳಿಯ ಥರ್ಡ್ ಎರಡೂ ತೆರೆದಿವೆ, ಗೋಲ್ ಸರ್ಕಲ್ ಕೂಡ. ವಿಂಗ್ ಅಟ್ಯಾಕ್‌ಗೂ ಅವೆರಡೇ ಭಾಗ, ಆದರೆ ಸರ್ಕಲ್ ಒಳಗೆ ಕಾಲಿಡುವಂತಿಲ್ಲ. ರಕ್ಷಣೆಯ ಕಡೆ ಗೋಲ್ ಡಿಫೆನ್ಸ್, ವಿಂಗ್ ಡಿಫೆನ್ಸ್ ಇಬ್ಬರದೂ ಇದರ ಕನ್ನಡಿ ಬಿಂಬ. ಮೂರೂ ಭಾಗ ಸುತ್ತುವವಳು ಸೆಂಟರ್ ಒಬ್ಬಳೇ, ಅವಳಿಗೂ ಎರಡು ಗೋಲ್ ಸರ್ಕಲ್‌ಗಳು ನಿಷಿದ್ಧ. ಗೋಲು ಹಾಕುವ ಹಕ್ಕು ಶೂಟರ್ ಮತ್ತು ಗೋಲ್ ಅಟ್ಯಾಕ್‌ಗೆ ಮಾತ್ರ, ಅದೂ ಸರ್ಕಲ್ ಒಳಗಿನಿಂದ.

ಹೀಗೆ ಕೂಡಿಸಿದರೆ ಸರ್ಕಲ್‌ನಲ್ಲಿ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಮಂದಿ ಸೇರಲಾರರು, ಇಬ್ಬರು ಇವರು, ಇಬ್ಬರು ಅವರು. ಗೆರೆಯ ಮೇಲೆ ನಿಂತರೆ ಎರಡೂ ಕಡೆಗೆ ಸಲ್ಲುತ್ತದೆ. ಗೆರೆಯಾಚೆಯ ನೆಲ ತಾಗಿದರೆ ಆಫ್‌ಸೈಡ್, ಚೆಂಡು ಕೈಯಲ್ಲಿ ಇದ್ದರೂ ಇಲ್ಲದಿದ್ದರೂ. ನೆಲ ಮುಟ್ಟದೆ ಆಚೆಗೆ ಬಾಗಿ ಚೆಂಡು ಎತ್ತಿಕೊಳ್ಳಬಹುದು. ಹೆಬ್ಬೆರಳಿನ ತುದಿಯಲ್ಲಿ ನಿಂತು ಕೈ ತೂರಿಸುವ ವಿಂಗ್ ಅಟ್ಯಾಕ್‌ನ ಸಮತೋಲ ನೋಡುವಂಥದ್ದು.

ಈ ಗಡಿಗಳು ಎಲ್ಲಿಂದ ಬಂದವು ಎಂಬುದಕ್ಕೆ ಒಂದು ಕಥೆ ಇದೆ. ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಕಟ್ಟಿದ್ದು 1891ರಲ್ಲಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಕಾಲೇಜೊಂದರಲ್ಲಿ ವ್ಯಾಯಾಮ ಕಲಿಸುತ್ತಿದ್ದ ಕ್ಲಾರಾ ಬೇರ್ ಅವರು ನಿಯಮಗಳನ್ನು ತರಿಸಿಕೊಂಡರಂತೆ. ಅದರ ಜೊತೆಗಿದ್ದ ಚಿತ್ರದಲ್ಲಿ ಯಾರು ಎಲ್ಲಿ ಆಡಿದರೆ ಚೆನ್ನ ಎಂದು ತೋರಿಸಲು ಎಳೆದಿದ್ದ ಗೆರೆಗಳನ್ನು ದಾಟಬಾರದ ಗಡಿ ಎಂದೇ ಓದಿಕೊಂಡರಂತೆ. 1895ರಲ್ಲಿ ಅವರು ಪ್ರಕಟಿಸಿದ ಹೆಂಗಸರ ಆಟದ ನಿಯಮಗಳಲ್ಲಿ ಆಟಗಾರ್ತಿಯರು ತಮ್ಮ ತಮ್ಮ ಪಾಲಿನ ಜಾಗಕ್ಕೆ ಕಟ್ಟುಬಿದ್ದಿದ್ದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಹೆಣ್ಣುಮಕ್ಕಳ ವ್ಯಾಯಾಮ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಬೇರೆಯೇ ರೂಪ ತಳೆಯಿತು, 1901ರಲ್ಲಿ ಅಲ್ಲಿ ನೆಟ್‌ಬಾಲ್ ನಿಯಮಗಳು ಅಚ್ಚಾದವು. ದೇಶಕ್ಕೊಂದು ಬಗೆಯಾಗಿ ಕೆಲವೆಡೆ ತಂಡಕ್ಕೆ ಐದು, ಕೆಲವೆಡೆ ಒಂಬತ್ತು ಮಂದಿ ಆಡುತ್ತಿದ್ದುದನ್ನು ಒಂದೇ ನಿಯಮದ ಅಡಿಗೆ ತಂದದ್ದು 1960ರಲ್ಲಿ, ನಮ್ಮ ಪಕ್ಕದ ಕೊಲಂಬೊದಲ್ಲಿ ಕೂಡಿದ ಸಭೆ. ಗಡಿಗಳು ತಪ್ಪು ಓದಿನಿಂದಲೇ ಬಂದಿರಲಿ, ಅವುಗಳನ್ನು ಕಿತ್ತು ಹಾಕಿದ್ದರೆ ಎತ್ತರದ ಇಬ್ಬರು ಹುಡುಗಿಯರು ಇಡೀ ಆಟವನ್ನೇ ಆಡಿಬಿಡುತ್ತಿದ್ದರು ಎನ್ನುವುದು ನನ್ನ ಅನಿಸಿಕೆ.

ಗಡಿ ಇದ್ದ ಮೇಲೆ ಚೆಂಡಿಗೂ ಗಡಿ ಬೇಕಲ್ಲ. ಇಲ್ಲವಾದರೆ ಗೋಲ್ ಕೀಪರ್ ಆ ತುದಿಯಿಂದ ಈ ತುದಿಗೆ ಬೀಸಿ ಒಗೆದುಬಿಡುತ್ತಾಳೆ, ನಡುವಿನ ಐದು ಮಂದಿಗೆ ಕೆಲಸವೇ ಇರುವುದಿಲ್ಲ. ಅದಕ್ಕೆ ಈ ನಿಯಮ: ಒಂದು ಇಡೀ ಥರ್ಡ್ ಮೇಲೆ ಚೆಂಡು ಯಾರ ಕೈಯೂ ಸೋಕದೆ ಹಾರಿಹೋಗುವಂತಿಲ್ಲ. ರಕ್ಷಣೆಯ ಥರ್ಡ್‌ನಿಂದ ಎಸೆದದ್ದನ್ನು ನಡುಭಾಗದಲ್ಲಿ ಯಾರಾದರೂ ಹಿಡಿಯಬೇಕು ಅಥವಾ ಮುಟ್ಟಬೇಕು. ಮುಟ್ಟಿದವಳು ಎದುರಾಳಿಯಾದರೂ ಸರಿ. ಹಾಗಾಗದೆ ದಾಟಿದರೆ, ಚೆಂಡು ಎರಡನೆಯ ಗೆರೆ ದಾಟಿದ ಜಾಗದ ಆಚೆ ಎದುರಾಳಿಗೆ ಫ್ರೀ ಪಾಸ್.

ನಡುಭಾಗದಲ್ಲೇ ಹಿಡಿದಳು ಎಂದು ಹೇಳುವುದು ಹೇಗೆ? ಹಾರಿ ಹಿಡಿದವಳು ಗಾಳಿಯಲ್ಲಿ ಗೆರೆಯ ಮೇಲಿರುತ್ತಾಳೆ. ಮತ್ತೆ ಊರಿದ ಕಾಲಿಗೇ ಬರಬೇಕು. ಮೊದಲ ಕಾಲು ಪೂರ್ತಿಯಾಗಿ ನಡುಭಾಗದ ಒಳಗೆ ಬಿದ್ದರೆ ಅವಳು ಅಲ್ಲೇ ಹಿಡಿದಳು ಎಂದು ಲೆಕ್ಕ. ಎರಡನೆಯ ಕಾಲು ಗೆರೆಯಾಚೆ ಬಿದ್ದರೂ ಚಿಂತೆಯಿಲ್ಲ, ಅವಳು ಮುಂದೆ ಎಸೆಯುವುದೂ ನಡುಭಾಗದಿಂದ ಎಸೆದಂತೆಯೇ. ಅದೇ ಎರಡೂ ಕಾಲು ಒಟ್ಟಿಗೆ, ಒಂದು ಗೆರೆಯ ಈಚೆ ಒಂದು ಆಚೆ ಬಿದ್ದರೆ ತಪ್ಪು. ಹೆಜ್ಜೆಯ ನಿಯಮದಲ್ಲಿ ಆಯ್ಕೆ ಕೊಟ್ಟು ಕಾಪಾಡಿದ ಜೋಡಿಗಾಲಿನ ಇಳಿತ ಗೆರೆಯ ಬಳಿ ಅವಳನ್ನೇ ಸಿಕ್ಕಿಸುತ್ತದೆ. ಗೆರೆಯ ಹತ್ತಿರ ಒಂಟಿಗಾಲಲ್ಲಿ ಇಳಿ, ಬಯಲಲ್ಲಿ ಜೋಡಿಗಾಲಲ್ಲಿ ಇಳಿ ಎಂದು ಕಲಿಸುವುದು ಇದಕ್ಕೇ.

ಇದರ ಮೇಲೆ ಗಡಿಯಾರ. ಚೆಂಡು ಕೈಗೆ ಬಂದ ಮೂರು ಸೆಕೆಂಡಿನೊಳಗೆ ಪಾಸ್ ಮಾಡಬೇಕು ಇಲ್ಲವೇ ಗೋಲಿಗೆ ಹಾಕಬೇಕು. ಅಂಪೈರ್ ಬಾಯಿ ಬಿಟ್ಟು ಎಣಿಸುವುದಿಲ್ಲ, ಮೀರಿದಾಗ ಮೂರು ಬೆರಳು ತೋರಿಸುತ್ತಾರೆ. ತಾನು ಎಸೆದದ್ದನ್ನು ಇನ್ನೊಬ್ಬರು ಮುಟ್ಟುವ ಮುನ್ನ ತಾನೇ ಹೋಗಿ ಹಿಡಿಯುವಂತಿಲ್ಲ. ಗೋಲಿಗೆ ಹಾಕಿದ್ದು ಕಂಬಕ್ಕೋ ರಿಂಗ್‌ಗೋ ಬಡಿದು ವಾಪಸು ಬಂದರೆ ಶೂಟರ್ ಮತ್ತೆ ಹಿಡಿಯಬಹುದು. ಏನೂ ತಾಗದೆ ಗಾಳಿಯಲ್ಲೇ ಹಾದು ಹೋದದ್ದನ್ನು ಅವಳು ಮುಟ್ಟಕೂಡದು.

ಇವೆಲ್ಲ ಒಂದೇ ಚೆಂಡಿನಲ್ಲಿ ಹೇಗೆ ಹೆಣೆದುಕೊಳ್ಳುತ್ತವೆ ಎಂದು ನೋಡಲು ಸೆಂಟರ್ ಪಾಸ್‌ಗಿಂತ ಒಳ್ಳೆಯ ಜಾಗವಿಲ್ಲ. ಪ್ರತಿ ಗೋಲಿನ ನಂತರವೂ ಆಟ ಅಲ್ಲಿಂದಲೇ ಮತ್ತೆ ಆರಂಭ, ಎರಡು ತಂಡಗಳಿಗೂ ಸರದಿಯ ಮೇಲೆ. ನೀಲಿ ತಂಡದ ಸೆಂಟರ್ ಚೆಂಡು ಹಿಡಿದು ಪುಟ್ಟ ವೃತ್ತದಲ್ಲಿದ್ದಾಳೆ. ಕೆಂಪು ತಂಡದ ಸೆಂಟರ್ ಬಿಟ್ಟರೆ ನಡುಭಾಗದಲ್ಲಿ ಬೇರೆ ಯಾರೂ ಇಲ್ಲ, ಉಳಿದವರೆಲ್ಲ ಗೋಲ್ ಥರ್ಡ್‌ಗಳಲ್ಲಿ ಗೆರೆಯಂಚಿಗೆ ನಿಂತು ಸೀಟಿಗೆ ಕಾಯುತ್ತಿದ್ದಾರೆ.

ಸೀಟಿ. ಈ ಮೊದಲ ಪಾಸನ್ನು ನಡುಭಾಗದಲ್ಲೇ ಹಿಡಿಯಬೇಕು ಅಥವಾ ಮುಟ್ಟಬೇಕು. ಅವಸರದಲ್ಲಿ ನೇರ ಶೂಟರ್‌ಗೆ ಒಗೆದರೆ ಚೆಂಡು ಕೆಂಪಿನವರದು. ನೀಲಿ ಗೋಲ್ ಅಟ್ಯಾಕ್ ತನ್ನ ಎದುರಾಳಿ ಕೆಂಪು ಗೋಲ್ ಡಿಫೆನ್ಸ್‌ಳನ್ನು ಒಂದು ಭುಜದಷ್ಟು ಹಿಂದಿಕ್ಕಿ ಗೆರೆ ದಾಟಿ ಬರುತ್ತಾಳೆ. ಜಿಗಿದು ಹಿಡಿಯುತ್ತಾಳೆ. ಎಡಗಾಲು ಮೊದಲು ಊರುತ್ತದೆ, ಅಡ್ಡಗೆರೆಗಿಂತ ಎರಡಡಿ ಒಳಗೆ, ಪೂರ್ತಿ ನಡುಭಾಗದಲ್ಲಿ. ಗೋಲು ಅವಳ ಬೆನ್ನ ಹಿಂದಿದೆ. ಎಡಗಾಲ ಮೇಲೆ ತಿರುಗಿ ಬಲಗಾಲನ್ನು ಬೀಸಿ ಇಡುತ್ತಾಳೆ, ಅದು ಗೆರೆಯಾಚೆ ಗೋಲ್ ಥರ್ಡ್‌ನಲ್ಲಿ ಬೀಳುತ್ತದೆ. ಅವಳ ಬಿಬ್‌ಗೆ ಅಲ್ಲಿಗೂ ಪ್ರವೇಶವಿದೆ, ಊರಿದ ಕಾಲು ಒಳಗಿದೆ, ಆದ್ದರಿಂದ ಸೆಂಟರ್ ಪಾಸ್ ಸರಿಯಾಗಿಯೇ ತಲುಪಿದೆ. ಇದೇ ಹುಡುಗಿ ತಿರುಗುವ ಭರದಲ್ಲಿ ಎಡಗಾಲನ್ನು ಎತ್ತಿ ಮತ್ತೆ ಇಟ್ಟಿದ್ದರೆ, ಅಥವಾ ಜೋಡಿಗಾಲಲ್ಲಿ ಗೆರೆಯ ಎರಡು ಬದಿಗೆ ಇಳಿದಿದ್ದರೆ, ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಹಿಂದೆ ಉಳಿದಿದ್ದ ಗೋಲ್ ಡಿಫೆನ್ಸ್ ಅಷ್ಟರಲ್ಲಿ ಬಂದು ಎಡಗಾಲಿನಿಂದ ಮೂರು ಅಡಿ ಬಿಟ್ಟು ಕೈ ಎತ್ತುತ್ತಾಳೆ. ಒಂದು ಸೆಕೆಂಡು ಆಗಿದೆ. ಶೂಟರ್ ಮುಂದೆ ಕೆಂಪು ಕೀಪರ್ ನಿಂತಿದ್ದಾಳೆ, ನೇರ ದಾರಿ ಮುಚ್ಚಿದೆ. ವಿಂಗ್ ಅಟ್ಯಾಕ್ ಬದಿಯಿಂದ ಸರ್ಕಲ್ ಅಂಚಿಗೆ ನುಗ್ಗುತ್ತಿದ್ದಾಳೆ. ಗೋಲ್ ಡಿಫೆನ್ಸ್ ಕೈ ಮೇಲಿದೆ, ಹಾಗಾಗಿ ಪಾಸ್ ಸೊಂಟದ ಎತ್ತರದಲ್ಲಿ ಹೊರಡುತ್ತದೆ. ಅಡ್ಡಗೆರೆಯಿಂದ ಸರ್ಕಲ್‌ನ ನೆತ್ತಿಗೆ ಇರುವುದು ಸುಮಾರು 5.27 ಮೀಟರ್. ವಿಂಗ್ ಅಟ್ಯಾಕ್ ಬಲಗಾಲು ಊರಿ ಹಿಡಿಯುತ್ತಾಳೆ, ಎಡಗಾಲನ್ನು ಸರ್ಕಲ್ ಗೆರೆಯ ತನಕ ಚಾಚುತ್ತಾಳೆ, ದಾಟಿಸುವುದಿಲ್ಲ. ಈಗ ಅವಳಿಗೂ ಮೂರೇ ಸೆಕೆಂಡು. ಶೂಟರ್ ಒಮ್ಮೆ ಮುಂದಕ್ಕೆ ಹೊರಟಂತೆ ಮಾಡಿ ಗಕ್ಕನೆ ಕಂಬದ ಕಡೆ ಹಿಂದೆ ಸರಿಯುತ್ತಾಳೆ, ಕೀಪರ್ ಮೊದಲ ಚಲನೆಗೆ ಮೋಸಹೋಗಿ ಅರ್ಧ ಹೆಜ್ಜೆ ತಪ್ಪುತ್ತಾಳೆ, ಕೀಪರ್ ತಲೆಯ ಮೇಲಿಂದ ಚೆಂಡು ಬರುತ್ತದೆ. ಶೂಟರ್ ಜೋಡಿಗಾಲಲ್ಲಿ 'ಧಪ್' ಎಂದು ಇಳಿದು, ಎದುರಿಗೆ ಬಂದ ಕೀಪರ್‌ಳನ್ನು ನೋಡಿ, ಬಲಗಾಲು ಹಿಂದಿಟ್ಟು ಗೋಲಿಗೆ ಹಾಕುತ್ತಾಳೆ. 3.05 ಮೀಟರ್ ಎತ್ತರದ ರಿಂಗ್, ಹಿಂದೆ ಹಲಗೆ ಇಲ್ಲ, ತಗುಲಿಸಿ ಬೀಳಿಸುವ ಉಪಾಯ ನಡೆಯುವುದಿಲ್ಲ.

ಮೂರು ಪಾಸ್, ಒಂದು ಗೋಲು. ಚೆಂಡು ಹಿಡಿದವರಲ್ಲಿ ಒಬ್ಬಳೂ ಒಂದೂವರೆ ಹೆಜ್ಜೆಗಿಂತ ಹೆಚ್ಚು ಚಲಿಸಲಿಲ್ಲ. ಓಡಿದವರೆಲ್ಲ ಬರಿಗೈಯವರು. ನೆಟ್‌ಬಾಲ್ ನೋಡಲು ಹೋದವರು ಚೆಂಡಿಲ್ಲದವರನ್ನು ನೋಡಬೇಕು ಎನ್ನುವುದು ಇದಕ್ಕೆ.

ಬೆಂಗಳೂರಿನವರಿಗೆ ಇದನ್ನು ದೊಡ್ಡ ಮಟ್ಟದಲ್ಲಿ ನೋಡುವ ಅವಕಾಶ 2024ರ ಅಕ್ಟೋಬರ್‌ನಲ್ಲಿ ಸಿಕ್ಕಿತ್ತು. ಏಷ್ಯಾ ಮಹಿಳಾ ನೆಟ್‌ಬಾಲ್ ಚಾಂಪಿಯನ್‌ಶಿಪ್ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು, ಫೈನಲ್‌ನಲ್ಲಿ ಸಿಂಗಪುರ ಶ್ರೀಲಂಕಾವನ್ನು ಸೋಲಿಸಿತು. ಕೆಂಗೇರಿಯಿಂದ ಕೋರಮಂಗಲಕ್ಕೆ ಸಂಜೆ ಹೊತ್ತಿನಲ್ಲಿ ಹೋಗುವುದು ಊರಿಂದೂರಿಗೆ ಹೋದಂತೆಯೇ, ನಮ್ಮ ಕಡೆಯ ಎಷ್ಟು ಜನ ಹೋದರೋ. ಶ್ರೀಲಂಕಾ 2018 ಮತ್ತು 2022ರಲ್ಲಿ ಇದೇ ಪ್ರಶಸ್ತಿ ಗೆದ್ದಾಗ ಅವರ ಗೋಲ್ ಶೂಟರ್ ಆಗಿದ್ದವರು ತರ್ಜಿನಿ ಶಿವಲಿಂಗಂ, ಆರೂಮುಕ್ಕಾಲು ಅಡಿಗೂ ಎತ್ತರದವರು. ಅಂಥ ಶೂಟರ್ ಇದ್ದಾಗ ಕಾಲಿನ ಚಮತ್ಕಾರ ಬೇಕಾಗುವುದೇ ಕಡಿಮೆ. ಕಂಬದ ಪಕ್ಕ ನಿಂತು ಕೈ ಎತ್ತಿದರೆ ಸಾಕು, ತಡೆಯುವವರ ಬೆರಳಿಗೆ ನಿಲುಕದ ಎತ್ತರಕ್ಕೆ ಚೆಂಡು ಕಳಿಸುತ್ತಾರೆ. ಅಷ್ಟು ಎತ್ತರದವರಿಲ್ಲದ ತಂಡ ಕಾಲನ್ನೇ ನಂಬಬೇಕು.

ನಮ್ಮ ಮೈದಾನಗಳಿಗೆ ವಾಪಸು ಬಂದರೆ ಮುಖ್ಯ ಕೊರತೆ ಜಾಗದ್ದು. ನೆಟ್‌ಬಾಲ್‌ಗೆಂದೇ ಗೆರೆ ಎಳೆದ ಅಂಕಣ ಸಿಗದ ಶಾಲೆಗಳು ಇರುವ ಬಾಸ್ಕೆಟ್‌ಬಾಲ್ ಅಂಕಣದಲ್ಲೇ ಅಭ್ಯಾಸ ಮಾಡಿಸುತ್ತವೆ. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಗಲ ಹೆಚ್ಚುಕಮ್ಮಿ ಸರಿಹೋಗುತ್ತದೆ, ಉದ್ದ ಎರಡೂವರೆ ಮೀಟರ್ ಸಾಲದು. ರಿಂಗ್ ಎತ್ತರ ಎರಡಕ್ಕೂ ಒಂದೇ, ಆದರೆ ನೆಟ್‌ಬಾಲ್ ರಿಂಗ್‌ನ ಒಳವ್ಯಾಸ 380 ಮಿಲಿಮೀಟರ್, ಬಾಸ್ಕೆಟ್‌ಬಾಲ್‌ನದಕ್ಕಿಂತ ಏಳು ಸೆಂಟಿಮೀಟರ್ ಕಿರಿದು. ಕಂಬ ಸಾಲದೆ ಹಲಗೆಯ ರಿಂಗ್‌ಗೇ ಹಾಕಿಸಿ ಅಭ್ಯಾಸ ಮಾಡಿಸಿದರೆ ಹುಡುಗಿ ಹಲಗೆಗೆ ಹೊಡೆಯುವುದನ್ನೇ ರೂಢಿ ಮಾಡಿಕೊಳ್ಳುತ್ತಾಳೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಗೆರೆಗಳದು. 28 ಮೀಟರನ್ನು ಮೂರು ಪಾಲು ಮಾಡಿದರೆ ಒಂದೊಂದು ಥರ್ಡ್ 9.33 ಮೀಟರ್. ಅದರಲ್ಲಿ 4.9 ಮೀಟರ್ ಸರ್ಕಲ್‌ಗೆ ಹೋದರೆ ಅಡ್ಡಗೆರೆಗೂ ಸರ್ಕಲ್ ನೆತ್ತಿಗೂ ನಡುವೆ ಉಳಿಯುವುದು 4.43 ಮೀಟರ್. ನಿಜವಾದ ಅಂಕಣದ 5.27ಕ್ಕೆ ಹೋಲಿಸಿದರೆ 84 ಸೆಂಟಿಮೀಟರ್ ಕಮ್ಮಿ. ವಿಂಗ್ ಅಟ್ಯಾಕ್ ಮತ್ತು ಸೆಂಟರ್ ಓಡಾಡುವ ಜಾಗವೇ ಇದು. ಚಿಕ್ಕ ಅಂಕಣದಲ್ಲಿ ಒಂದೇ ಪಾಸ್‌ನಲ್ಲಿ ಸರ್ಕಲ್ ತಲುಪಿ ರೂಢಿಯಾದ ಹುಡುಗಿ ಪಂದ್ಯದ ದಿನ ಅದೇ ಬಲಕ್ಕೆ ಎಸೆಯುತ್ತಾಳೆ, ಚೆಂಡು ಒಂದು ಹೆಜ್ಜೆ ಮುಂಚೆಯೇ ಇಳಿಯುತ್ತದೆ, ಅಲ್ಲಿ ಎದುರಾಳಿಯ ವಿಂಗ್ ಡಿಫೆನ್ಸ್ ಇರುತ್ತಾಳೆ. ಅದರ ಜೊತೆಗೆ ಬಾಸ್ಕೆಟ್‌ಬಾಲ್‌ನ ಮೂರು ಪಾಯಿಂಟ್ ಗೆರೆ ಬೇರೆ ಅಲ್ಲೇ ಬಣ್ಣದಲ್ಲಿ ಕಣ್ಣಿಗೆ ಹೊಡೆಯುತ್ತಿರುತ್ತದೆ. ಸುಣ್ಣದ ಪುಡಿಯ ಗೆರೆ ಅಳಿಸಿದ ಮೇಲೆ ಹುಡುಗಿಯರು ಅದನ್ನೇ ಸರ್ಕಲ್ ಎಂದುಕೊಂಡು ನಿಲ್ಲುತ್ತಾರೆ, ವಿಂಗ್ ಅಟ್ಯಾಕ್ ಮೂರು ಮೀಟರ್‌ನಷ್ಟು ಹಿಂದೆಯೇ ನಿಂತುಬಿಡುತ್ತಾಳೆ.

ಇಡೀ ಅಂಕಣ ಬೇಕೇ ಬೇಕೆಂದಿಲ್ಲ. ಅಭ್ಯಾಸಕ್ಕೆ ಒಂದು ತುದಿಯ ಗೋಲ್ ಥರ್ಡ್ ಮತ್ತು ಅದಕ್ಕೆ ತಾಗಿದ ಅರ್ಧ ಸೆಂಟರ್ ಥರ್ಡ್ ಸರಿಯಾದ ಅಳತೆಯಲ್ಲಿ ಸಿಕ್ಕರೆ ಸಾಕು, ಸೆಂಟರ್ ಪಾಸ್‌ನಿಂದ ಗೋಲಿನವರೆಗೆ ಮೇಲೆ ಹೇಳಿದ್ದೆಲ್ಲ ಅದರಲ್ಲೇ ಮುಗಿಯುತ್ತದೆ. ಗೋಲ್ ಗೆರೆಯಿಂದ ಟೇಪ್ ಹಿಡಿದು 10.17 ಮೀಟರ್‌ಗೆ ಅಡ್ಡಗೆರೆ, 15.25ಕ್ಕೆ ಸೆಂಟರ್ ಸರ್ಕಲ್‌ನ ನಡು. ಗೋಲ್ ಗೆರೆಯ ನಡುಬಿಂದುವಿನಲ್ಲಿ ಮೊಳೆ ಹೊಡೆದು 4.9 ಮೀಟರ್ ಹುರಿ ಕಟ್ಟಿ ಸುತ್ತಿದರೆ ಸರ್ಕಲ್. ಬಾಸ್ಕೆಟ್‌ಬಾಲ್ ಅಂಕಣದ 28 ಮೀಟರ್‌ನಲ್ಲಿ ಇಷ್ಟನ್ನು ಎಳೆದರೂ ಹಿಂದೆ ಸೆಂಟರ್ ಓಡಿ ಬರಲು 12 ಮೀಟರ್‌ಗೂ ಹೆಚ್ಚು ಜಾಗ ಉಳಿಯುತ್ತದೆ.